ಮುಂಬೈ ಮಳೆಗಾಲದಲ್ಲಿ ಗ್ರಿಗ್ನಾರ್ಡ್: ನೀರಿನ ಲೆಕ್ಕ ಹಿಡಿದು ಮಾಡುವ ಬಗೆ

ಜುಲೈ ತಿಂಗಳ ಒಂದು ಸಂಜೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎರಡನೇ ಮಹಡಿಯ ಧಾರವಾಡದವರ ಮಗಳು ನೋಟ್‌ಬುಕ್ ಹಿಡಿದುಕೊಂಡು ಬಂದಳು. ಎಂ.ಎಸ್ಸಿ. ಎರಡನೇ ವರ್ಷ, ಆರ್ಗ್ಯಾನಿಕ್ ಕೆಮಿಸ್ಟ್ರಿ. "ಕಾಕಾ, ಗ್ರಿಗ್ನಾರ್ಡ್ ಶುರುನ ಆಗವಲ್ದು. ಎರಡು ತಾಸು ಕಾದೆ. ಮೆಗ್ನೀಷಿಯಂ ಹಾಕಿದ್ದು ಹಾಕಿದಾಂಗ ಅದ" ಅಂದಳು. ಮುಖ ಸಣ್ಣದಾಗಿತ್ತು.

ನಾನು ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳ ಲ್ಯಾಬುಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವನು. ಮಳೆಗಾಲದಲ್ಲಿ ಗ್ರಿಗ್ನಾರ್ಡ್ ಮಾಡುವವರ ಮುಖ ಹೀಗೆಯೇ ಇರುತ್ತದೆ ಅಂತ ನನಗೆ ಗೊತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸರಿಯಾಗಿ ಬರೆಯುತ್ತಿದ್ದೇನೆ. "ನೀರು ಇರಬಾರದು" ಅಂತ ಎಲ್ಲರೂ ಹೇಳುತ್ತಾರೆ. ಆ ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಎಷ್ಟು ತಿನ್ನುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸುವವರು ಕಡಿಮೆ. ಲೆಕ್ಕ ಹಾಕಿದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಅನ್ನುವುದು ತಿಳಿಯುತ್ತದೆ.

ಒಂದೇ ಕಾರಕ ಹಿಡಿಯೋಣ: ಬ್ರೋಮೋಬೆಂಜೀನ್‌ನಿಂದ ಮಾಡುವ ಫೀನೈಲ್ ಮೆಗ್ನೀಷಿಯಂ ಬ್ರೋಮೈಡ್. ಮೊದಲು ಅದನ್ನು ಕಾರ್ಬನ್ ಡೈಆಕ್ಸೈಡ್ ಮೇಲೆ ಸುರಿದು ಬೆಂಜೋಯಿಕ್ ಆಮ್ಲ ಮಾಡೋಣ. ಆಮೇಲೆ ಅದೇ ಕಾರಕ ಆಲ್ಡಿಹೈಡ್, ಕೀಟೋನ್, ಎಸ್ಟರ್‌ಗಳ ಜೊತೆ ಏನು ಮಾಡುತ್ತದೆ ನೋಡೋಣ.

ನೀರು ಯಾಕೆ ಇಷ್ಟು ಕೆಡಿಸುತ್ತದೆ

ಫ್ರಾನ್ಸಿನ ಲಿಯಾನ್‌ನಲ್ಲಿ ವಿಕ್ಟರ್ ಗ್ರಿಗ್ನಾರ್ಡ್ 1900ರಲ್ಲಿ ಈ ಕಾರಕಗಳ ಬಗ್ಗೆ ಪ್ರಕಟಿಸಿದರು. 1912ರಲ್ಲಿ ಅದಕ್ಕೆ ನೊಬೆಲ್ ಬಂತು. ಫ್ರೆಂಚರ ಬಾಯಲ್ಲಿ ಆ ಹೆಸರು ಗ್ರಿನ್ಯಾರ್. ನಮ್ಮ ಲ್ಯಾಬುಗಳಲ್ಲಿ ಎಲ್ಲರೂ ಗ್ರಿಗ್ನಾರ್ಡ್ ಅಂತಲೇ ಅನ್ನುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಕಾರಕದ ಹುಟ್ಟು ಸರಳ:

```
C6H5Br + Mg → C6H5MgBr
```

ಇಲ್ಲಿ ಕಾರ್ಬನ್ ಮತ್ತು ಮೆಗ್ನೀಷಿಯಂ ನಡುವಿನ ಬಂಧದ ಎಲೆಕ್ಟ್ರಾನುಗಳನ್ನು ಕಾರ್ಬನ್ ತನ್ನ ಕಡೆಗೆ ಎಳೆದುಕೊಂಡಿರುತ್ತದೆ. ಅದಕ್ಕೇ ಆ ಕಾರ್ಬನ್ ಧನಭಾಗವಿರುವ ಜಾಗ ಹುಡುಕುತ್ತದೆ. ಕಾರ್ಬೊನೈಲ್‌ನ ಕಾರ್ಬನ್ ಅಂಥ ಒಂದು ಜಾಗ. ನಮಗೆ ಬೇಕಾದದ್ದು ಅದು. ಆದರೆ ನೀರಿನ ಹೈಡ್ರೋಜನ್ ಕೂಡ ಅಂಥದೇ ಜಾಗ, ಮತ್ತು ಅದು ಬಹಳ ಸುಲಭವಾಗಿ ಸಿಗುತ್ತದೆ.

```
C6H5MgBr + H2O → C6H6 + Mg(OH)Br
```

ಬೆಂಜೀನ್‌ನ ಪಿಕೆಎ ಸುಮಾರು 43, ನೀರಿನದು 15.7. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ ಅಂದರೆ, ಇದು ಇಪ್ಪತ್ತೇಳು ಮೆಟ್ಟಿಲ ಇಳಿಜಾರು. ಕಾರಕಕ್ಕೆ ನೀರು ಸಿಕ್ಕರೆ ಅದು ಕಾರ್ಬೊನೈಲ್‌ಗಾಗಿ ಕಾಯುವುದಿಲ್ಲ, ಮೊದಲು ಹೈಡ್ರೋಜನ್ ಕಿತ್ತುಕೊಂಡು ಬೆಂಜೀನ್ ಆಗಿಬಿಡುತ್ತದೆ. ಆಲ್ಕೋಹಾಲ್, ಆಮ್ಲ, ಅಮೈನ್‌ಗಳ ಹೈಡ್ರೋಜನ್‌ಗೂ ಇದೇ ಮಾತು.

ಈಗ ಲೆಕ್ಕ. ನಾವು ಮಾಡುವುದು 50 ಮಿಲಿಮೋಲ್ ಕಾರಕ. ಅಷ್ಟನ್ನೂ ಸಾಯಿಸಲು 50 ಮಿಲಿಮೋಲ್ ನೀರು ಸಾಕು, ಅಂದರೆ 0.9 ಗ್ರಾಂ. ಡ್ರಾಪರ್‌ನಲ್ಲಿ ಹದಿನೆಂಟು ಹನಿ. ಇಡೀ ದಿನದ ಕೆಲಸಕ್ಕೆ ಅಷ್ಟೇ ಸಾಕು.

ಕೆಡುಕಿನ ಇನ್ನೊಂದು ಮುಖವೂ ಇದೆ. ಸತ್ತ ಕಾರಕ ಬೆಂಜೀನ್ ಆಗಿ ಈಥರ್ ಜೊತೆ ಆವಿಯಾಗಿ ಹೋಗುತ್ತದೆ. ಫ್ಲಾಸ್ಕಿನಲ್ಲಿ ಗುರುತೇ ಉಳಿಯುವುದಿಲ್ಲ. ಕೊನೆಗೆ ಇಳುವರಿ ಕಡಿಮೆ ಬಂತು ಅಂತಷ್ಟೇ ಗೊತ್ತಾಗುತ್ತದೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಆದ್ದರಿಂದ ಇಡೀ ಕೆಲಸ ಫ್ಯೂಮ್ ಹುಡ್‌ನೊಳಗೇ ಆಗಬೇಕು.

ಆ ನೀರು ಎಲ್ಲಿತ್ತು

ಅವಳು ಮೊದಲು ದೂರಿದ್ದು ಮುಂಬೈ ಗಾಳಿಯನ್ನು. ನೋಡೋಣ. 30 ಡಿಗ್ರಿ, 85 ಪರ್ಸೆಂಟ್ ತೇವ ಇದ್ದಾಗ ಒಂದು ಲೀಟರ್ ಗಾಳಿಯಲ್ಲಿ ಸುಮಾರು 26 ಮಿಲಿಗ್ರಾಂ ನೀರಿನ ಆವಿ ಇರುತ್ತದೆ. ಅವಳ ಫ್ಲಾಸ್ಕ್ 250 ಎಂ.ಎಲ್.ನದು. ಅದರೊಳಗಿನ ಗಾಳಿಯಲ್ಲಿ ಇರುವುದು ಆರೂವರೆ ಮಿಲಿಗ್ರಾಂ, ಅಂದರೆ ಅರ್ಧ ಮಿಲಿಮೋಲ್ ಕೂಡ ಇಲ್ಲ. 50ರಲ್ಲಿ ಅರ್ಧ ಹೋದರೆ ಯಾರೂ ಅಳಬೇಕಿಲ್ಲ. ನಿಂತ ಗಾಳಿ ಅಪರಾಧಿ ಅಲ್ಲ.

"ಈಥರ್ ಯಾವುದು?" ಅಂತ ಕೇಳಿದೆ. "ರಿಕವರಿ ಈಥರ್ ಕಾಕಾ. ಡಿಸ್ಟಿಲ್ ಮಾಡಿ ಇಟ್ಟಿದ್ರು."

ಅಲ್ಲೇ ಸಿಕ್ಕಿತು. ಎಕ್ಸ್‌ಟ್ರಾಕ್ಷನ್‌ಗೆ ಬಳಸಿದ ಈಥರ್ ನೀರು ಕುಡಿದಿರುತ್ತದೆ. ಅದನ್ನು ಡಿಸ್ಟಿಲ್ ಮಾಡಿದರೆ ನೀರು ಹಿಂದೆ ಉಳಿಯುತ್ತದೆ ಅಂತ ಅನಿಸುತ್ತದೆ, ಉಳಿಯುವುದಿಲ್ಲ. ಈಥರ್ ಮತ್ತು ನೀರು ಜೊತೆಯಾಗಿಯೇ ಕುದಿಯುತ್ತವೆ, ಮೇಲೆ ಬಂದ ಈಥರ್‌ನಲ್ಲಿ ಸುಮಾರು 1.3 ಪರ್ಸೆಂಟ್ ನೀರು ಇರುತ್ತದೆ. ಅವಳು ಹಾಕಿದ್ದು 40 ಎಂ.ಎಲ್., ತೂಕದಲ್ಲಿ ಇಪ್ಪತ್ತೆಂಟೂವರೆ ಗ್ರಾಂ. ಅದರಲ್ಲಿ ನೀರು 0.37 ಗ್ರಾಂ, ಅಂದರೆ 20 ಮಿಲಿಮೋಲ್.

ಆದರೂ 30 ಮಿಲಿಮೋಲ್ ಉಳಿಯಬೇಕಿತ್ತಲ್ವಾ, ಶುರುವೇ ಯಾಕೆ ಆಗಲಿಲ್ಲ? ಮೆಗ್ನೀಷಿಯಂ ಮೇಲೆ ಮೊದಲು ಹಾಕಿದ್ದು 10 ಎಂ.ಎಲ್. ಈಥರ್. ಅದರಲ್ಲಿ 5 ಮಿಲಿಮೋಲ್ ನೀರು. ಅದರ ಮೇಲೆ ಫನೆಲ್‌ನಿಂದ ಬಿಟ್ಟದ್ದು 3 ಎಂ.ಎಲ್. ದ್ರಾವಣ, ಅದರಲ್ಲಿ ಬ್ರೋಮೋಬೆಂಜೀನ್ 4 ಮಿಲಿಮೋಲ್ ಚಿಲ್ಲರೆ. ಅಂದರೆ ಹುಟ್ಟಬಹುದಾದ ಕಾರಕಕ್ಕಿಂತ ಅಲ್ಲಿದ್ದ ನೀರೇ ಜಾಸ್ತಿ. ಹುಟ್ಟಿದ್ದು ಹುಟ್ಟಿದಲ್ಲೇ ಸಾಯುತ್ತಿತ್ತು. ಜೊತೆಗೆ ಮೆಗ್ನೀಷಿಯಂ ಚೂರಿನ ಮೈಮೇಲೆ ಹೈಡ್ರಾಕ್ಸೈಡ್ ಪೊರೆ ಕಟ್ಟಿ, ಮುಂದಿನ ಬ್ರೋಮೋಬೆಂಜೀನ್ ಲೋಹವನ್ನು ಮುಟ್ಟದ ಹಾಗೆ ಮಾಡುತ್ತಿತ್ತು.

ಈಥರ್ ಒಣಗಿಸುವುದು

ಸೀಲ್ ಒಡೆಯದ ಅನ್‌ಹೈಡ್ರಸ್ ಈಥರ್ ಸಿಕ್ಕರೆ ಅದನ್ನೇ ಬಳಸಿ. ತೆರೆದದ್ದಾದರೆ 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ಸ್ ಮೇಲೆ ಎರಡು ದಿನ ಇಡಿ. 100 ಎಂ.ಎಲ್. ಈಥರ್‌ಗೆ 20 ಗ್ರಾಂ ಸೀವ್ಸ್ ಹಾಕಿ. ಸೀವ್ಸ್ ಮೊದಲೇ 250ರಿಂದ 300 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ ತಣಿಸಿದ್ದಿರಬೇಕು. ಡಬ್ಬಿಯಿಂದ ನೇರವಾಗಿ ತೆಗೆದ ಸೀವ್ಸ್ ಆಗಲೇ ಮುಂಬೈಯ ನೀರು ಕುಡಿದು ಕೂತಿರುತ್ತವೆ, ಅವು ಏನೂ ಹೀರುವುದಿಲ್ಲ. ರಿಕವರಿ ಈಥರ್‌ನಂಥ ಒದ್ದೆ ಈಥರ್ ಆದರೆ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಮೇಲೆ ಒಂದು ರಾತ್ರಿ ಇಟ್ಟು, ಸೋಸಿ, ಆಮೇಲೆ ಸೀವ್ಸ್‌ಗೆ ಹಾಕಬೇಕು. ಆಲ್ಕೋಹಾಲ್ ಸ್ಟೆಬಿಲೈಸರ್ ಹಾಕಿದ ಈಥರ್ ಬೇಡ, ಲೇಬಲ್ ಓದಿ. ಹಳೆಯ ಈಥರ್‌ನಲ್ಲಿ ಪೆರಾಕ್ಸೈಡ್ ಸೇರಿರುತ್ತದೆ. ಪರೀಕ್ಷೆ ಮಾಡದೆ ಅದನ್ನು ಡಿಸ್ಟಿಲ್ ಮಾಡಲು ಹೋಗಬೇಡಿ, ಸ್ಫೋಟ ಆಗುತ್ತದೆ.

ಲ್ಯಾಬಿನಲ್ಲಿ ಕಾರ್ಲ್ ಫಿಷರ್ ಮೆಷಿನ್ ಇದ್ದರೆ ಒಂದು ರೀಡಿಂಗ್ ತೆಗೆಯಿರಿ. 50 ಪಿಪಿಎಂ ಬಂತು ಅಂದುಕೊಳ್ಳಿ. ಆಗ 40 ಎಂ.ಎಲ್. ಈಥರ್‌ನಲ್ಲಿ ಇರುವ ನೀರು ಒಂದೂವರೆ ಮಿಲಿಗ್ರಾಂ ಅಷ್ಟೇ. 370 ಮಿಲಿಗ್ರಾಂ ಎಲ್ಲಿ, ಒಂದೂವರೆ ಎಲ್ಲಿ!

ಗಾಜು ಜೋಡಿಸುವುದು

ಫ್ಲಾಸ್ಕ್, ಕಂಡೆನ್ಸರ್, ಡ್ರಾಪಿಂಗ್ ಫನೆಲ್, ಸ್ಟರ್ ಬಾರ್ ಎಲ್ಲವೂ 120 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಇರಲಿ. ಟೆಫ್ಲಾನ್ ಕಾಕ್ ಮಾತ್ರ ಬಿಚ್ಚಿ ಬೇರೆ ಒಣಗಿಸಿ. ಬಿಸಿ ಇರುವಾಗಲೇ ಗ್ಲೌಸ್ ಹಾಕಿಕೊಂಡು ಜೋಡಿಸಿ, ನೈಟ್ರೋಜನ್ ಹಾಯಿಸುತ್ತಾ ತಣಿಯಲು ಬಿಡಿ. ನೈಟ್ರೋಜನ್ ಇಲ್ಲದಿದ್ದರೆ ಕಂಡೆನ್ಸರ್ ಮತ್ತು ಫನೆಲ್ ಎರಡರ ತುದಿಗೂ ಕ್ಯಾಲ್ಸಿಯಂ ಕ್ಲೋರೈಡ್ ಗಾರ್ಡ್ ಟ್ಯೂಬ್ ಹಾಕಿ. ಟ್ಯೂಬಿನೊಳಗಿನ ಕ್ಲೋರೈಡ್ ಕಾಳು ಕಾಳಾಗಿರಬೇಕು. ಮಳೆಗಾಲದಲ್ಲಿ ಕೆಲವೇ ದಿನಕ್ಕೆ ಅದು ಗಟ್ಟಿ ಮುದ್ದೆಯಾಗುತ್ತದೆ, ಆಮೇಲೆ ಅಂಚಿನಲ್ಲಿ ನೀರೊಡೆಯುತ್ತದೆ. ಮುದ್ದೆಯಾದ ಟ್ಯೂಬ್ ಗಾಳಿಯನ್ನೂ ಬಿಡುವುದಿಲ್ಲ, ಒಳಗೆ ಒತ್ತಡ ಏರುತ್ತದೆ. ಪ್ರತಿ ಸಲ ಹೊಸದು ತುಂಬಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಈಥರ್ ಕುದಿಯುವುದು 34.6 ಡಿಗ್ರಿಗೆ. ಮುಂಬೈಯಲ್ಲಿ ನಲ್ಲಿಯ ನೀರೇ 28, 29 ಇರುತ್ತದೆ, ಅದರಿಂದ ಈಥರ್ ಆವಿ ಸರಿಯಾಗಿ ಇಳಿಯುವುದಿಲ್ಲ. ಬಕೆಟ್‌ನಲ್ಲಿ ಐಸ್ ಹಾಕಿ ಸಣ್ಣ ಪಂಪಿನಿಂದ ಆ ನೀರನ್ನು ಕಂಡೆನ್ಸರ್‌ಗೆ ಸುತ್ತಿಸಬೇಕು. ಪುಣೆ ಎತ್ತರದಲ್ಲಿರುವುದರಿಂದ ಅಲ್ಲಿ ಈಥರ್ ಇನ್ನೂ ಸುಮಾರು ಎರಡು ಡಿಗ್ರಿ ಕೆಳಗೇ ಕುದಿಯುತ್ತದೆ, ಅಲ್ಲಿಯವರೂ ಐಸ್ ನೀರೇ ಬಳಸಿ. ಆದರೆ ಈ ಐಸ್ ನೀರನ್ನು ಯಾವಾಗ ಬಿಡುತ್ತೀರಿ ಅನ್ನುವುದು ಮುಖ್ಯ. ತಲೆ ತೆರೆದ ಕಂಡೆನ್ಸರ್‌ಗೆ ಮೊದಲೇ ತಣ್ಣೀರು ಬಿಟ್ಟರೆ ಒಳಗೋಡೆಯ ಮೇಲೆ ಇಬ್ಬನಿ ಕೂರುತ್ತದೆ, ಮತ್ತು ಈಥರ್ ಕುದಿಯಲು ಶುರುವಾದಾಗ ಆ ಇಬ್ಬನಿಯನ್ನು ತೊಳೆದು ನೇರವಾಗಿ ಫ್ಲಾಸ್ಕಿಗೇ ಇಳಿಸುತ್ತದೆ. ಗಾರ್ಡ್ ಟ್ಯೂಬ್ ಕೂರಿಸಿ, ಈಥರ್ ಹಾಕಿ ಆದಮೇಲೆ ತಣ್ಣೀರು ಬಿಡಿ.

ಸುತ್ತಮುತ್ತ ಎಲ್ಲೂ ಉರಿ, ಕೆಂಪಗೆ ಕಾದ ಹಾಟ್‌ಪ್ಲೇಟ್ ಇರಬಾರದು. ಈಥರ್ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದು ಹೋಗಿ ದೂರದ ಬೆಂಕಿಯನ್ನು ಹಿಡಿಯುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ. ಮೆಗ್ನೀಷಿಯಂ ಹತ್ತಿಕೊಂಡರೆ ನೀರೂ ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ. ಅದು ಆ ಗ್ಯಾಸಿನಲ್ಲೂ ಉರಿಯುತ್ತದೆ.

ಕಾರಕ ಮಾಡುವುದು

ಮೆಗ್ನೀಷಿಯಂ ಟರ್ನಿಂಗ್ಸ್ 1.3 ಗ್ರಾಂ. ಬ್ರೋಮೋಬೆಂಜೀನ್ 7.85 ಗ್ರಾಂ, ಅಂದರೆ 5.25 ಎಂ.ಎಲ್., ಅದೂ ಸೀವ್ಸ್ ಮೇಲೆ ಇಟ್ಟದ್ದು. ಟರ್ನಿಂಗ್ಸ್ ಫ್ಲಾಸ್ಕಿಗೆ ಹಾಕುವ ಮುಂಚೆ ನಾಲ್ಕೈದು ಚೂರನ್ನು ಒಣ ಖಲಬತ್ತಿನಲ್ಲಿ ಜಜ್ಜಿ. ಜಜ್ಜಿದ ಕಡೆ ಹೊಸ ಬೆಳ್ಳಿ ಹೊಳಪು ಕಾಣುತ್ತದೆ, ಪ್ರತಿಕ್ರಿಯೆ ಹುಟ್ಟುವುದು ಅಲ್ಲೇ. 10 ಎಂ.ಎಲ್. ಈಥರ್ ಸುರಿದು ಸಾಸಿವೆ ಕಾಳಿನಷ್ಟು ಅಯೋಡಿನ್ ಹಾಕಿ. ಬ್ರೋಮೋಬೆಂಜೀನ್‌ನ್ನು ಉಳಿದ 30 ಎಂ.ಎಲ್. ಈಥರ್‌ನಲ್ಲಿ ಕಲಸಿ ಫನೆಲ್‌ಗೆ ಹಾಕಿ. ಅದರಿಂದ 3 ಎಂ.ಎಲ್. ಮಾತ್ರ ಕೆಳಗೆ ಬಿಟ್ಟು, ಸ್ಟರರ್ ನಿಲ್ಲಿಸಿ, ನೋಡುತ್ತಾ ಕೂರಿ.

ಶುರುವಾದದ್ದು ಕಣ್ಣಿಗೇ ಕಾಣುತ್ತದೆ. ಮೊದಲು ಜಜ್ಜಿದ ಚೂರಿನ ಅಂಚಿನಿಂದ ಸೂಜಿಮೊನೆಯಂಥ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತವೆ. ಅಯೋಡಿನ್‌ನ ಕಂದು ಬಣ್ಣ ಆ ಚೂರಿನ ಸುತ್ತ ತಿಳಿಯಾಗುತ್ತಾ ಬರುತ್ತದೆ. ಆಮೇಲೆ ದ್ರಾವಣ ಮಜ್ಜಿಗೆ ನೀರಿನ ಹಾಗೆ ಮಂಕಾಗುತ್ತದೆ. ಫ್ಲಾಸ್ಕಿನ ತಳ ಮುಟ್ಟಿದರೆ ಬೆಚ್ಚಗಿರುತ್ತದೆ. ಇನ್ನೊಂದು ನಿಮಿಷಕ್ಕೆ ಈಥರ್ ತಾನೇ ಕುದಿಯಲು ಶುರುಮಾಡುತ್ತದೆ, ಹೊರಗಿನಿಂದ ಬಿಸಿ ಏನೂ ಇಲ್ಲದೆ. ಈಗ ಸ್ಟರರ್ ಹಾಕಿ.

ಹತ್ತು ನಿಮಿಷದಲ್ಲಿ ಏನೂ ಆಗದಿದ್ದರೆ ಅಂಗೈಯಲ್ಲಿ ಫ್ಲಾಸ್ಕ್ ಹಿಡಿಯಿರಿ, ಇಲ್ಲವೇ 40 ಡಿಗ್ರಿ ನೀರಿನ ಬಟ್ಟಲಲ್ಲಿ ಸ್ವಲ್ಪ ಹೊತ್ತು ಇಡಿ. ಅದಕ್ಕೂ ಜಗ್ಗದಿದ್ದರೆ 1,2-ಡೈಬ್ರೋಮೋಈಥೇನ್ ಎರಡು ಮೂರು ಹನಿ. ಅದು ಮೆಗ್ನೀಷಿಯಂನ ಪೊರೆ ಕೊರೆದು ಎಥಿಲೀನ್ ಗುಳ್ಳೆ ಬಿಡುತ್ತದೆ. ಅದು ವಿಷ, ಗ್ಲೌಸ್ ಬೇಕು. ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ: ಶುರುವಾಗಲಿಲ್ಲ ಅಂತ ಫನೆಲ್‌ನಲ್ಲಿ ಇರುವುದನ್ನೆಲ್ಲ ಸುರಿಯುವುದು. ಅದು ತಡವಾಗಿ ಶುರುವಾದರೆ ಎಲ್ಲ ಬಿಸಿ ಒಂದೇ ಸಲಕ್ಕೆ ಬಂದು ಈಥರ್ ಕಂಡೆನ್ಸರ್ ತಲೆಯಿಂದ ಚಿಮ್ಮುತ್ತದೆ. ಅಂಥದ್ದೊಂದನ್ನು ನಾನು ಹೊಸಬನಾಗಿದ್ದಾಗ ಪಕ್ಕದ ಹುಡ್‌ನಲ್ಲಿ ನೋಡಿದ್ದೇನೆ. ಇಂದಿಗೂ ನನ್ನ ಹುಡ್‌ನಲ್ಲಿ ಐಸ್ ಬಟ್ಟಲು ಇಲ್ಲದೆ ಗ್ರಿಗ್ನಾರ್ಡ್ ನಡೆಯುವುದಿಲ್ಲ.

ಶುರುವಾದ ಮೇಲೆ ಉಳಿದದ್ದನ್ನು ಅರ್ಧ ತಾಸು ಹನಿ ಹನಿಯಾಗಿ ಬಿಡಿ. ಈಥರ್ ಸಣ್ಣಗೆ ಕುದಿಯುತ್ತಿರಬೇಕು, ಅಷ್ಟೇ. ಅವಸರ ಮಾಡಿದರೆ ಹುಟ್ಟಿದ ಕಾರಕ ಇನ್ನೂ ಉಳಿದ ಬ್ರೋಮೋಬೆಂಜೀನ್ ಜೊತೆ ಸೇರಿ ಬೈಫೀನೈಲ್ ಆಗುತ್ತದೆ. ಹಾಕಿ ಮುಗಿದ ಮೇಲೆ ಇನ್ನೂ ಇಪ್ಪತ್ತು ನಿಮಿಷ ಸಣ್ಣ ಬಿಸಿಯಲ್ಲಿ ಕುದಿಸಿ. ಕೊನೆಗೆ ಕಂದು ಬೂದು ಬಣ್ಣದ ದ್ರಾವಣ, ತಳದಲ್ಲಿ ಸ್ವಲ್ಪ ಮೆಗ್ನೀಷಿಯಂ ಉಳಿಯುತ್ತದೆ.

ಕಾರಕ ಎಷ್ಟಿದೆ ಅಂತ ಅಳೆಯಲು ಕೆಲವರು ಒಂದು ಎಂ.ಎಲ್. ತೆಗೆದು ಆಮ್ಲಕ್ಕೆ ಹಾಕಿ, ಉಳಿದ ಆಮ್ಲವನ್ನು ಟೈಟ್ರೇಟ್ ಮಾಡುತ್ತಾರೆ. ಅದನ್ನು ನಂಬಬೇಡಿ. ನೀರಿನಿಂದ ಸತ್ತ ಕಾರಕ Mg(OH)Br ಆಗಿ ಅಲ್ಲೇ ಇರುತ್ತದೆ, ಅದೂ ಕ್ಷಾರವೇ. ಬದುಕಿದ್ದೂ ಸತ್ತದ್ದೂ ಒಂದೇ ಲೆಕ್ಕದಲ್ಲಿ ಬರುತ್ತವೆ. ಬದಲಿಗೆ ಒಂದು ಚಿಟಿಕೆ 1,10-ಫೆನಾಂತ್ರೋಲಿನ್ ಹಾಕಿ. ಬದುಕಿದ ಕಾರಕ ಇದ್ದರೆ ನೇರಳೆ ಅಥವಾ ಕಡುಗೆಂಪು ಬಣ್ಣ ಬರುತ್ತದೆ. ತೂಕ ಮಾಡಿದ ಒಣ ಮೆಂಥಾಲ್ ದ್ರಾವಣ ಬಿಡುತ್ತಾ ಹೋದರೆ ಕಾರಕ ಮುಗಿದ ಕ್ಷಣಕ್ಕೆ ಬಣ್ಣ ಹೋಗುತ್ತದೆ.

ಡ್ರೈ ಐಸ್ ಮೇಲೆ ಸುರಿಯುವುದು

ಒಣ ಈಥರ್ ಜೊತೆ ಅವಳ ಎರಡನೇ ಪ್ರಯತ್ನ ಚೆನ್ನಾಗಿ ಶುರುವಾಯಿತು. ಫೋನಿನಲ್ಲಿ ದನಿಯೇ ಬದಲಾಗಿತ್ತು. ಆದರೆ ಸಿಕ್ಕಿದ್ದು 2.4 ಗ್ರಾಂ ಬೆಂಜೋಯಿಕ್ ಆಮ್ಲ. ಪೂರ್ತಿ ಬಂದಿದ್ದರೆ 6.1 ಗ್ರಾಂ ಆಗಬೇಕಿತ್ತು. 39 ಪರ್ಸೆಂಟ್. ಕಾರಕ ಚೆನ್ನಾಗಿ ಹುಟ್ಟಿದೆ ಅಂದರೆ ಅದು ಸತ್ತದ್ದು ಸುರಿಯುವಾಗಲೇ.

"ಡ್ರೈ ಐಸ್ ಹ್ಯಾಂಗ ಇತ್ತು?" "ಬೆಳ್ಳಗ ಪುಡಿ ಪುಡಿ ಇತ್ತು ಕಾಕಾ. ಬೆಳಗ್ಗೆನ ಕುಟ್ಟಿ ಬೀಕರ್‌ನ್ಯಾಗ ಇಟ್ಟಿದ್ದೆ."

ಡ್ರೈ ಐಸ್ ಮೈನಸ್ 78 ಡಿಗ್ರಿ. ಮಳೆಗಾಲದ ಗಾಳಿ ಅದನ್ನು ಮುಟ್ಟಿದ ಕೂಡಲೇ ಅದರಲ್ಲಿರುವ ನೀರು ಹಿಮವಾಗಿ ಅಂಟುತ್ತದೆ. ನಿಂತ ಗಾಳಿ ಅಪರಾಧಿ ಅಲ್ಲ ಅಂದೆನಲ್ಲ, ಆದರೆ ಇಲ್ಲಿ ಗಾಳಿ ನಿಂತಿಲ್ಲ. ತಣ್ಣನೆಯ ಮೈ ಹೊಸ ಹೊಸ ಗಾಳಿಯಿಂದ ನೀರು ಎಳೆಯುತ್ತಲೇ ಇರುತ್ತದೆ. ಡ್ರೈ ಐಸಿನ ಮೇಲೆ ಹತ್ತಿಯಂತೆ ಕಾಣುವ ಬಿಳಿ ನವಿರು ಕಾರ್ಬನ್ ಡೈಆಕ್ಸೈಡ್ ಅಲ್ಲ, ಅದು ನೀರು. ನಂಬಿಕೆ ಬರಲಿ ಅಂತ ಅವಳಿಗೆ ಒಂದು ಕೆಲಸ ಹೇಳಿದೆ. ಒಣ ಬೀಕರ್‌ನಲ್ಲಿ ಡ್ರೈ ಐಸ್ ಪುಡಿ ಹಾಕಿ ಸುಮ್ನೆ ಬಿಡು, ಅದು ಪೂರ್ತಿ ಹಾರಿಹೋದ ಮೇಲೆ ತಳದಲ್ಲಿ ಏನಿದೆ ನೋಡು ಅಂತ. ತಳದಲ್ಲಿ ನೀರು ನಿಂತಿತ್ತು. ಸಿರಿಂಜಿನಲ್ಲಿ ಎಳೆದು ಅಳೆದಾಗ ಅರ್ಧ ಎಂ.ಎಲ್. ಅಂದರೆ 28 ಮಿಲಿಮೋಲ್, ನಮ್ಮ ಕಾರಕದ ಅರ್ಧಕ್ಕಿಂತ ಜಾಸ್ತಿ. ಆ ನೀರೆಲ್ಲ ಕಾರಕವನ್ನೇ ತಿನ್ನುತ್ತದೆ ಅಂತಲ್ಲ, ಕಾರ್ಬನ್ ಡೈಆಕ್ಸೈಡೂ ಪೈಪೋಟಿಗೆ ಇರುತ್ತದೆ. ಆದರೂ ನಷ್ಟ ಎಲ್ಲಿ ಆಯಿತು ಅನ್ನುವುದಕ್ಕೆ ಅದು ಸಾಕು.

ಸರಿಯಾದ ಬಗೆ ಹೀಗೆ. ಡ್ರೈ ಐಸ್‌ನ್ನು ದೊಡ್ಡ ಗಟ್ಟಿಯಾಗಿಯೇ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಡಿ. ಕಾರಕ ತಯಾರಾಗಿ ತಣ್ಣಗಾದ ಮೇಲೆ, ಕೊನೆಯ ಗಳಿಗೆಯಲ್ಲಿ, ದಪ್ಪ ಗ್ಲೌಸ್ ಹಾಕಿ ಗಟ್ಟಿಯ ಮೇಲಿನ ಬಿಳಿ ನವಿರನ್ನು ಒಣ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ ಕುಟ್ಟಿ. ಸುಮಾರು 20 ಗ್ರಾಂ ಓವನ್‌ನಲ್ಲಿ ಒಣಗಿಸಿದ ಬೀಕರ್‌ಗೆ ಹಾಕಿ, ಒಂದು ನಿಮಿಷದೊಳಗೆ ಕಾರಕವನ್ನು ಸ್ಥಿರವಾಗಿ ಸುರಿಯಿರಿ. ಮೇಲೆ ವಾಚ್ ಗ್ಲಾಸ್ ಸಡಿಲವಾಗಿ ಮುಚ್ಚಿ. ಬಿಗಿಯಾಗಿ ಮುಚ್ಚಿದರೆ ಪಾತ್ರೆ ಸಿಡಿಯುತ್ತದೆ.

```
C6H5MgBr + CO2 → C6H5CO2MgBr
```

ಲೆಕ್ಕಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡ್ 2.2 ಗ್ರಾಂ ಮಾತ್ರ. ಅದರ ಹತ್ತು ಪಟ್ಟು ಹಾಕುವುದಕ್ಕೆ, ಮತ್ತು ಕಾರಕವನ್ನೇ ಅದರ ಮೇಲೆ ಸುರಿಯುವುದಕ್ಕೆ ಕಾರಣವಿದೆ. ಕಾರಕ ಜಾಸ್ತಿ ಇದ್ದು ಗ್ಯಾಸ್ ನಿಧಾನವಾಗಿ ಬಂದರೆ, ಹುಟ್ಟಿದ ಲವಣದ ಮೇಲೆ ಇನ್ನೊಂದು ಕಾರಕ ಬಿದ್ದು ಬೆಂಜೋಫಿನೋನ್, ಟ್ರೈಫೀನೈಲ್‌ಮೆಥನಾಲ್ ತನಕ ಹೋಗಬಹುದು. ಚಳಿ ಇದ್ದು ಕಾರ್ಬನ್ ಡೈಆಕ್ಸೈಡ್ ಹೇರಳವಾಗಿದ್ದರೆ ಅದು ಲವಣದಲ್ಲೇ ನಿಲ್ಲುತ್ತದೆ. ಋಣ ಆವೇಶ ಹೊತ್ತ ಆ ಲವಣವನ್ನು ಕಾರಕ ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ.

ಡ್ರೈ ಐಸ್ ಎಲ್ಲ ಹಾರಿದ ಮೇಲೆ ಅಂಟಂಟಾದ ಬೂದು ಗಟ್ಟಿ ಉಳಿಯುತ್ತದೆ. ಈಗ ನೀರಿಗೆ ಹೆದರಬೇಕಿಲ್ಲ, ಈಗ ನೀರೇ ಬೇಕು. ಐಸ್ ಜೊತೆ 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 20 ಎಂ.ಎಲ್. ನಿಧಾನವಾಗಿ ಹಾಕಿ, ಈಥರ್ ಸ್ವಲ್ಪ ಸೇರಿಸಿ. ಉಳಿದ ಮೆಗ್ನೀಷಿಯಂನಿಂದ ಹೈಡ್ರೋಜನ್ ಬರುತ್ತದೆ, ಎಚ್ಚರ. ಬೆಂಜೋಯಿಕ್ ಆಮ್ಲ ಈಥರ್ ಪದರಕ್ಕೆ ಹೋಗುತ್ತದೆ. ಆ ಪದರವನ್ನು 5 ಪರ್ಸೆಂಟ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ 20 ಎಂ.ಎಲ್.ನಂತೆ ಮೂರು ಸಲ ಕುಲುಕಿ. ಆಮ್ಲ ಲವಣವಾಗಿ ನೀರಿಗೆ ಇಳಿಯುತ್ತದೆ, ಬೈಫೀನೈಲ್ ಈಥರ್‌ನಲ್ಲೇ ಉಳಿಯುತ್ತದೆ. ನೀರಿನ ಭಾಗವನ್ನು ಸ್ವಲ್ಪ ಬಿಸಿ ಮಾಡಿ ಈಥರ್ ಓಡಿಸಿ, ತಣ್ಣಗಾದ ಮೇಲೆ ಆಮ್ಲ ಹಾಕಿ ಪಿಎಚ್ 2ಕ್ಕೆ ತನ್ನಿ. ಬಿಳಿ ಬೆಂಜೋಯಿಕ್ ಆಮ್ಲ ಒಮ್ಮೆಲೇ ಬೀಳುತ್ತದೆ. ಐಸಿನಲ್ಲಿಟ್ಟು ಸೋಸಿ, ಬಿಸಿನೀರಿನಲ್ಲಿ ಕರಗಿಸಿ ಹರಳುಗಟ್ಟಿಸಿ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು 3.4 ಗ್ರಾಂ ಆಮ್ಲ ಹಿಡಿದಿಟ್ಟುಕೊಳ್ಳುತ್ತದೆ. ನೀರು ಜಾಸ್ತಿ ಹಾಕಿ ಐಸ್ ಇಲ್ಲದೆ ಸೋಸಿದರೆ ಅರ್ಧ ಗ್ರಾಂ ಹಾಗೇ ಚರಂಡಿಗೆ ಹೋಗುತ್ತದೆ.

ಮೂರನೇ ಸಲ ಅವಳಿಗೆ 4.4 ಗ್ರಾಂ ಬಂತು, 72 ಪರ್ಸೆಂಟ್. ಕರಗುವ ಬಿಂದು 121ರಿಂದ 122. ಈಥರ್ ಪದರದಿಂದ ಬೈಫೀನೈಲ್ 0.3 ಗ್ರಾಂ ಸಿಕ್ಕಿತು, ಅದಕ್ಕೆ ಹೋದ ಬ್ರೋಮೋಬೆಂಜೀನ್ 4 ಮಿಲಿಮೋಲ್. ಮೊದಲಿನೆರಡು ಸಲಕ್ಕೂ ಈ ಸಲಕ್ಕೂ ಬದಲಾದದ್ದು ಈಥರ್ ಮತ್ತು ಡ್ರೈ ಐಸ್ ಎರಡೇ.

ಆಲ್ಡಿಹೈಡ್ ಮತ್ತು ಕೀಟೋನ್

ಇವುಗಳಿಗೆ ಕಾರಕ ಒಂದಕ್ಕೆ ಒಂದು. ಬೆಂಜಾಲ್ಡಿಹೈಡ್ ಕೊಟ್ಟರೆ ಡೈಫೀನೈಲ್‌ಮೆಥನಾಲ್, ಅಂದರೆ ಸೆಕೆಂಡರಿ ಆಲ್ಕೋಹಾಲ್. ಬೆಂಜೋಫಿನೋನ್ ಕೊಟ್ಟರೆ ಟ್ರೈಫೀನೈಲ್‌ಮೆಥನಾಲ್, ಟರ್ಷಿಯರಿ. ಫಾರ್ಮಾಲ್ಡಿಹೈಡ್ ಒಂದರಿಂದ ಮಾತ್ರ ಪ್ರೈಮರಿ ಆಲ್ಕೋಹಾಲ್ ಬರುತ್ತದೆ. ಆದರೆ ಲ್ಯಾಬಿನ ಫಾರ್ಮಲಿನ್ ಬಾಟಲಿಗೆ ಕೈ ಹಾಕಬೇಡಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಒಣ ಪ್ಯಾರಾಫಾರ್ಮಾಲ್ಡಿಹೈಡ್ ಕಾಯಿಸಿ ಬಂದ ಗ್ಯಾಸನ್ನು ಹಾಯಿಸಬೇಕು.

ಆಲ್ಡಿಹೈಡ್‌ನಲ್ಲಿ ನೀರಿಗಿಂತ ಗುಟ್ಟಾಗಿ ಬರುವ ಶತ್ರು ಒಂದಿದೆ. ಬೆಂಜಾಲ್ಡಿಹೈಡ್ ಬಾಟಲಿ ತೆರೆದಿಟ್ಟರೆ ಗಾಳಿಯ ಆಕ್ಸಿಜನ್ ಹಿಡಿದು ಬೆಂಜೋಯಿಕ್ ಆಮ್ಲ ಆಗುತ್ತದೆ. ಮುಚ್ಚಳದ ಅಂಚಿನಲ್ಲಿ ಬಿಳಿ ಹರಳು ಕಂಡರೆ ಅದೇ. ಆ ಆಮ್ಲದ ಹೈಡ್ರೋಜನ್ ಕೂಡ ನೀರಿನಂತೆಯೇ ಒಂದೊಂದು ಕಾರಕವನ್ನು ಕೊಲ್ಲುತ್ತದೆ. ಸೋಡಿಯಂ ಕಾರ್ಬೊನೇಟ್ ದ್ರಾವಣದಿಂದ ತೊಳೆದು, ಒಣಗಿಸಿ, ಕಡಿಮೆ ಒತ್ತಡದಲ್ಲಿ ಡಿಸ್ಟಿಲ್ ಮಾಡಿ ಅದೇ ದಿನ ಬಳಸಿ.

ಕೀಟೋನ್‌ನಲ್ಲಿ ತೊಂದರೆ ಬೇರೆ. ಕಾರ್ಬೊನೈಲ್ ಪಕ್ಕದ ಕಾರ್ಬನ್ ಮೇಲೆ ಹೈಡ್ರೋಜನ್ ಇದ್ದರೆ, ಜಾಗ ಇಕ್ಕಟ್ಟಾಗಿದ್ದರೆ, ಕಾರಕ ಸೇರುವ ಬದಲು ಆ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ವರ್ಕಪ್ ಮಾಡಿದಾಗ ಕೀಟೋನ್ ಹಾಗೇ ವಾಪಸ್ ಸಿಗುತ್ತದೆ. ಈಥರ್ ಒಣಗಿದ್ದೂ, ಕಾರಕ ಚೆನ್ನಾಗಿದ್ದೂ ಕೀಟೋನ್ ವಾಪಸ್ ಬಂದರೆ ನೀರನ್ನು ಬೈಯಬೇಡಿ, ಕಾರಣ ಇದಿರಬಹುದು. ಬೆಂಜೋಫಿನೋನ್‌ಗೆ ಆ ಹೈಡ್ರೋಜನ್ ಇಲ್ಲ, ಅದಕ್ಕೇ ಅದು ಕಲಿಯುವವರಿಗೆ ಒಳ್ಳೆಯದು.

ಇಲ್ಲಿ ವರ್ಕಪ್‌ಗೆ ಸ್ಯಾಚುರೇಟೆಡ್ ಅಮೋನಿಯಂ ಕ್ಲೋರೈಡ್ ಬಳಸಿ. ಸುಮ್ನೆ ನೀರು ಹಾಕಿದರೆ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಗಂಜಿಯ ಹಾಗೆ ಆಗಿ ಪದರ ಬೇರೆಯಾಗುವುದಿಲ್ಲ. ಪ್ರಬಲ ಆಮ್ಲ ಹಾಕಿದರೆ ಕೆಲವು ಟರ್ಷಿಯರಿ ಆಲ್ಕೋಹಾಲ್ ನೀರು ಕಳೆದುಕೊಂಡು ಆಲ್ಕೀನ್ ಆಗುತ್ತವೆ. ಅಸಿಟೋನ್‌ನಿಂದ ಬರುವ 2-ಫೀನೈಲ್‌ಪ್ರೊಪಾನ್-2-ಆಲ್ ಅಂಥದು.

ಎಸ್ಟರ್: ಇಲ್ಲಿ ಕಾರಕ ಎರಡು ಬೇಕು

ಆಗಸ್ಟಿನಲ್ಲಿ ಅವಳ ಮುಂದಿನ ಪ್ರಯೋಗ ಮೀಥೈಲ್ ಬೆಂಜೊಯೇಟ್. ಅವಳು 50 ಮಿಲಿಮೋಲ್ ಕಾರಕಕ್ಕೆ 50 ಮಿಲಿಮೋಲ್ ಎಸ್ಟರ್ ಅಂತ ಬರೆದುಕೊಂಡಿದ್ದಳು. ಅಲ್ಲೇ ತಡೆದೆ.

ಮೊದಲ ಕಾರಕ ಎಸ್ಟರ್‌ಗೆ ಸೇರಿದಾಗ ಮೆಥಾಕ್ಸಿ ಗುಂಪು ಕಳಚಿ ಬೆಂಜೋಫಿನೋನ್ ಹುಟ್ಟುತ್ತದೆ. ಆ ಕೀಟೋನ್ ಎಸ್ಟರ್‌ಗಿಂತ ಚುರುಕು. ಎರಡನೇ ಕಾರಕ ಎಸ್ಟರ್‌ನ್ನು ಬಿಟ್ಟು ಅದನ್ನೇ ಹಿಡಿಯುತ್ತದೆ.

```
C6H5CO2CH3 + 2 C6H5MgBr → (C6H5)3COMgBr + CH3OMgBr
```

ಆದ್ದರಿಂದ ಕಾರಕ ಅರ್ಧ ಹಾಕಿ ಕೀಟೋನ್‌ನಲ್ಲಿ ನಿಲ್ಲಿಸೋಣ ಅಂದರೆ ಆಗುವುದಿಲ್ಲ. ಅರ್ಧ ಎಸ್ಟರ್ ಟರ್ಷಿಯರಿ ಆಲ್ಕೋಹಾಲ್ ಆಗುತ್ತದೆ, ಉಳಿದರ್ಧ ಹಾಗೇ ಕೂರುತ್ತದೆ. ಕೀಟೋನೇ ಬೇಕಾದರೆ ಎಸ್ಟರ್ ಬಿಟ್ಟು ವೈನ್‌ರೆಬ್ ಅಮೈಡ್ ಹಿಡಿಯಬೇಕು.

50 ಮಿಲಿಮೋಲ್ ಕಾರಕಕ್ಕೆ ಎಸ್ಟರ್ 25 ಮಿಲಿಮೋಲ್, ಅಂದರೆ 3.4 ಗ್ರಾಂ. ಪೂರ್ತಿ ಬಂದರೆ ಟ್ರೈಫೀನೈಲ್‌ಮೆಥನಾಲ್ 6.5 ಗ್ರಾಂ. ಇಲ್ಲಿ ನೀರಿನ ಪೆಟ್ಟು ಬೇರೆ ರೀತಿ ಬೀಳುತ್ತದೆ. ಹತ್ತು ಮಿಲಿಮೋಲ್ ನೀರು ಸೇರಿದರೆ ಐದು ಮಿಲಿಮೋಲ್ ಎಸ್ಟರ್‌ಗೆ ಕಾರಕ ಸಿಗುವುದಿಲ್ಲ, ಅದು ಹಾಗೇ ಉಳಿಯುತ್ತದೆ. ವರ್ಕಪ್ ಆದಮೇಲೆ ಮೀಥೈಲ್ ಬೆಂಜೊಯೇಟ್‌ನ ಸಿಹಿ ಘಮ ಬಂದರೆ ಕಾರಕ ಕಡಿಮೆ ಬಿದ್ದಿದೆ ಅಂತಲೇ ಅರ್ಥ. ಡ್ರೈ ಐಸ್ ಕೆಲಸದಲ್ಲಿ ಇಂಥ ಗುರುತು ಸಿಗುವುದಿಲ್ಲ.

ಒಣ ಎಸ್ಟರ್‌ನ್ನು 10 ಎಂ.ಎಲ್. ಈಥರ್‌ನಲ್ಲಿ ಕಲಸಿ, ಫ್ಲಾಸ್ಕ್ ಐಸಿನಲ್ಲಿಟ್ಟು, ಹನಿ ಹನಿಯಾಗಿ ಬಿಡಬೇಕು. ಆಮೇಲೆ ಅರ್ಧ ತಾಸು ಸಣ್ಣಗೆ ಕುದಿಸಿ, ತಣಿಸಿ, ಅಮೋನಿಯಂ ಕ್ಲೋರೈಡ್‌ಗೆ ಸುರಿಯಬೇಕು. ಈಥರ್ ಪದರ ಒಣಗಿಸಿ ಈಥರ್ ತೆಗೆದರೆ ಹಳದಿ ಮಿಶ್ರಿತ ಗಟ್ಟಿ ಸಿಗುತ್ತದೆ. ಅದಕ್ಕೆ ತಣ್ಣನೆಯ ಹೆಕ್ಸೇನ್ ಹಾಕಿ ಕಲಕಿ ಸೋಸಿ. ಬೈಫೀನೈಲ್ ಮತ್ತು ಉಳಿದ ಎಸ್ಟರ್ ಹೆಕ್ಸೇನ್ ಜೊತೆ ಹೋಗುತ್ತವೆ, ಟ್ರೈಫೀನೈಲ್‌ಮೆಥನಾಲ್ ಬಿಳಿಯಾಗಿ ಫಿಲ್ಟರ್ ಮೇಲೆ ಉಳಿಯುತ್ತದೆ.

ಅವಳು ಅಂದು ರಾತ್ರಿ ಒಂಬತ್ತಕ್ಕೆ ಲೋಕಲ್‌ನಿಂದಲೇ ಫೋನ್ ಮಾಡಿದಳು. ಹಿಂದೆ ಮಳೆಯ ಸದ್ದು, ಗಾಡಿಯ ಸದ್ದು. "ಕಾಕಾ, 4.7 ಗ್ರಾಂ. ಮೆಲ್ಟಿಂಗ್ ಪಾಯಿಂಟ್ 161ರಿಂದ 163. ಹೆಕ್ಸೇನ್ ತೊಳದ್ದು ಮೂಸಿ ನೋಡಿದೆ, ಎಸ್ಟರ್ ವಾಸ್ನಿ ಇಲ್ಲ." ಮೂಸಬಾರದು, ಟಿಎಲ್‌ಸಿ ಹಾಕಬೇಕು ಅಂತ ಹೇಳಿದೆ. "ಅದೂ ಹಾಕೀನಿ, ಒಂದ ಸ್ಪಾಟ್" ಅಂದಳು.